23,920 ರೂಪಾಯಿ ಹಿಂದೆ ಅಡಗಿದ್ದ ಐದು ತಪ್ಪು

ಜುಲೈ ಎಂಟರ ಸಂಜೆ. ಜೂನ್ ತಿಂಗಳ ಸ್ಟಾಕ್ ಮತ್ತು ಉದ್ರಿ ಬಾಕಿಯ ಪಟ್ಟಿಯನ್ನು ಹತ್ತನೇ ತಾರೀಖಿನ ಒಳಗೆ ಬ್ಯಾಂಕಿಗೆ ಕೊಡಬೇಕಿತ್ತು. ನಮ್ಮ ಸಿಸಿ ಸಾಲದಲ್ಲಿ ಎಷ್ಟು ತೆಗೆಯಬಹುದು ಅನ್ನೋದನ್ನು ಬ್ಯಾಂಕಿನವರು ಆ ಪಟ್ಟಿ ನೋಡಿಯೇ ಹೇಳುತ್ತಾರೆ. ಸ್ಟಾಕ್ ಲೆಕ್ಕ ಮುಗಿದಿತ್ತು. ಉದ್ರಿ ಬಾಕಿ ಮಾತ್ರ ಎರಡು ಕಡೆ ಎರಡು ಮೊತ್ತ ತೋರಿಸುತ್ತಿತ್ತು. ಕಂಪ್ಯೂಟರಿನಲ್ಲಿ 18,46,350. ಖಾತೆ ಪುಸ್ತಕದಿಂದ ಒಬ್ಬೊಬ್ಬರ ಬಾಕಿ ಬರೆದುಕೊಂಡು ಕೂಡಿಸಿದರೆ 18,22,430. ವ್ಯತ್ಯಾಸ 23,920 ರೂಪಾಯಿ.

ನಾನು ಕೆಲಸ ಮಾಡುವುದು ರಾಯಚೂರಿನ ಒಂದು ಬಿತ್ತನೆ ಬೀಜದ ಹೋಲ್‌ಸೇಲ್ ಅಂಗಡಿಯಲ್ಲಿ. ಮಾನ್ವಿ, ಸಿರವಾರ, ದೇವದುರ್ಗ, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ 64 ಚಿಕ್ಕ ಅಂಗಡಿಗಳಿಗೆ ಹತ್ತಿ, ತೊಗರಿ, ಭತ್ತದ ಬೀಜ ಉದ್ರಿ ಕೊಡುತ್ತೇವೆ. ಮಳೆ ಬಿದ್ದಾಗ ಮಾಲು ಹೋಗುತ್ತದೆ, ದುಡ್ಡು ಆಮೇಲೆ ಸ್ವಲ್ಪ ಸ್ವಲ್ಪ ಬರುತ್ತದೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಬಿಲ್ಲಿನ ಮೊತ್ತ ಪೂರ್ತಿ ಮಾರಾಟವೇ, ಲೆಕ್ಕ ಅಷ್ಟರ ಮಟ್ಟಿಗೆ ಸುಲಭ.

ಅಂಗಡಿಯಲ್ಲಿ ಲೆಕ್ಕ ಎರಡು ದಾರಿಯಲ್ಲಿ ಹೋಗುತ್ತದೆ. ಗುಮಾಸ್ತ ಕಾಕಾ ಮೂವತ್ತು ವರ್ಷದಿಂದ ಖಾತೆ ಪುಸ್ತಕ ಬರೆಯುತ್ತಿದ್ದಾರೆ. ಒಂದು ಅಂಗಡಿಗೆ ಒಂದು ಪುಟ. ಮಾಲು ಕೊಟ್ಟದ್ದು ಎಡಗಡೆ, ದುಡ್ಡು ಬಂದದ್ದು, ಮಾಲು ವಾಪಸ್ ಬಂದದ್ದು ಬಲಗಡೆ. ಕೌಂಟರಿನ ಹುಡುಗ ಅದೇ ಬಿಲ್ಲುಗಳನ್ನು ಮಾರಾಟ ಪುಸ್ತಕದಲ್ಲಿ ಸಾಲಾಗಿ ಬರೆದು ಪುಟ ಪುಟ ಕೂಡಿಸುತ್ತಾನೆ. ತಿಂಗಳ ಕೊನೆಗೆ ಆ ಒಟ್ಟು ಮೊತ್ತವನ್ನಷ್ಟೇ ನಾನು ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿಗೆ ಹಾಕುತ್ತೇನೆ. ಅಲ್ಲಿ `Sundry Debtors` ಗುಂಪಿನ ಕೆಳಗೆ ಒಂದೇ ಒಂದು ಖಾತೆ ಇದೆ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಾಲಗಾರರ ನಿಯಂತ್ರಣ ಖಾತೆ ಅನ್ನುತ್ತಾರೆ. ನಾವು ಉದ್ರಿ ಒಟ್ಟು ಅನ್ನುತ್ತೇವೆ.

64 ಅಂಗಡಿಗಳಿಗೂ ಟ್ಯಾಲಿಯಲ್ಲೇ ಬೇರೆ ಬೇರೆ ಖಾತೆ ತೆರೆದರೆ ಈ ಗೋಳೇ ಇರಲ್ಲ ಅಲ್ವಾ, ಅಂತ ಕೇಳುವವರಿದ್ದಾರೆ. ಆಗ ಗುಂಪಿನ ಮೊತ್ತ ಆ ಖಾತೆಗಳನ್ನೇ ಕೂಡಿಸಿ ಬಂದದ್ದಾಗಿರುತ್ತದೆ. ಅದು ಯಾವಾಗಲೂ ತಾಳೆಯಾಗುತ್ತದೆ, ಒಳಗೆ ತಪ್ಪಿದ್ದರೂ ತಾಳೆಯಾಗುತ್ತದೆ. ಉದ್ರಿ ಒಟ್ಟು ಖಾತೆ ಕೆಲಸಕ್ಕೆ ಬರುವುದು ಅದರ ಮೊತ್ತ ಬೇರೆ ದಾರಿಯಲ್ಲಿ, ಬೇರೆ ಕೈಯಿಂದ ಬಂದಿರುವುದರಿಂದ. ಎರಡು ದಾರಿ ಒಂದೇ ಊರಿಗೆ ಮುಟ್ಟದಿದ್ದರೆ ಎಲ್ಲೋ ದಾರಿ ತಪ್ಪಿದೆ ಅಂತ ಗೊತ್ತಾಗುತ್ತದೆ.

ಕಾಕಾಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ತಂಗಿ, ನನ್ನ ಪುಸ್ತಕ ಸರಿ ಐತಿ. ನಿನ್ನ ಕಂಪ್ಯೂಟರ್ ನೋಡ್ಕೋ" ಅಂದರು. ನನಗೂ ಒಳಗೊಳಗೆ ಕಾಕಾನ ಕೈಬರಹದ ಮೇಲೇ ಅನುಮಾನ ಇತ್ತು. ಸಾವ್ಕಾರ್ರಿಗೆ ಬೇಕಾಗಿದ್ದು ಪಟ್ಟಿ ಅಷ್ಟೇ. "ಹದಿನೆಂಟು ಲಕ್ಷದಾಗ ಇಪ್ಪತ್ನಾಕು ಸಾವಿರ ಏನವ್ವ, ಹೊಂದಿಸಿ ಕಳಿಸಿಬಿಡು" ಅಂದರು. ಕಾರಣ ಗೊತ್ತಾಗದ ವ್ಯತ್ಯಾಸವನ್ನು ಸದ್ಯಕ್ಕೆ ಹಾಕಿಡುವ ಒಂದು ಸಸ್ಪೆನ್ಸ್ ಖಾತೆ ತೆರೆದು 23,920 ಅಲ್ಲಿಗೆ ತಳ್ಳಿದರೆ ಎರಡು ನಿಮಿಷದ ಕೆಲಸ. ಮನಸ್ಸು ಒಪ್ಪಲಿಲ್ಲ. ನಾಳೆ ಸಂಜೆವರೆಗೆ ಟೈಮ್ ಕೊಡ್ರಿ ಅಂತ ಕೇಳಿಕೊಂಡೆ.

ಆ ರಾತ್ರಿ ಕಾಲೇಜಿನಲ್ಲಿ ಕಲಿತ ಉಪಾಯಗಳನ್ನೆಲ್ಲ ಹೂಡಿದೆ. ವ್ಯತ್ಯಾಸದ ಮೊತ್ತವೇ ಎಲ್ಲಾದರೂ ಬರೆಯದೆ ಬಿಟ್ಟುಹೋಗಿದೆಯಾ ಅಂತ 23,920ರ ಬಿಲ್ ಹುಡುಕಿದೆ. ಇರಲಿಲ್ಲ. ಎಡಕ್ಕೆ ಬರೆಯಬೇಕಾದ್ದನ್ನು ಬಲಕ್ಕೆ ಬರೆದರೆ ವ್ಯತ್ಯಾಸ ಎರಡು ಪಟ್ಟಾಗುತ್ತದೆ. ಅದಕ್ಕೆ ಅರ್ಧ ಮಾಡಿ 11,960 ಹುಡುಕಿದೆ. ಅದೂ ಇರಲಿಲ್ಲ. 54ನ್ನು 45 ಅಂತ ಬರೆಯುವ ಹಾಗೆ ಅಂಕಿ ಅದಲು ಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. 23,920 ಆಗುವುದಿಲ್ಲ. ಹನ್ನೊಂದು ಗಂಟೆಗೆ ಪುಸ್ತಕ ಮುಚ್ಚಿದೆ.

ಮರುದಿನ ಬೆಳಗ್ಗೆ ಒಬ್ಬ ಅಕ್ಕನಿಗೆ ಫೋನ್ ಮಾಡಿದೆ. ಮೊದಲು ಒಬ್ಬ ಆಡಿಟರ್ ಹತ್ತಿರ ಕೆಲಸ ಕಲಿಯುವಾಗ ಅವರು ನನಗೆ ಸೀನಿಯರ್. ನಾನು ಮಾಡಿದ್ದನ್ನೆಲ್ಲ ಕೇಳಿ, "ಆ ಉಪಾಯ ಎಲ್ಲ ತಪ್ಪು ಒಂದೇ ಇದ್ದಾಗ ನಡೀತಾವ. ನಾಲ್ಕೈದು ಕೂಡಿದ್ರ ಆ ಮೊತ್ತಕ್ಕ ಅರ್ಥನೇ ಇರಲ್ಲ. ವ್ಯತ್ಯಾಸ ಹಿಡ್ಕೊಂಡು ಹುಡುಕಬ್ಯಾಡ. ಉದ್ರಿ ಒಟ್ಟು ಖಾತೆಯಾಗ ಎಷ್ಟು ಸಾಲು ಐತಿ ನೋಡು, ಪುಟಗಳನ್ನೂ ಅದೇ ಸಾಲಿನಾಗ ಬಿಡಿಸು" ಅಂದರು. ಕೆಲಸದ ದಿಕ್ಕೇ ಬದಲಾಯಿತು.

ಎಕ್ಸೆಲ್‌ನಲ್ಲಿ 64 ಸಾಲು ಹಾಕಿದೆ. ಮೇ 31ರ ಬಾಕಿಗೆ ಒಂದು ಕಾಲಂ. ಎಡಗಡೆಯ ಬಿಲ್ಲುಗಳಿಗೆ ಒಂದು, ಮರಳಿ ಬಂದ ಚೆಕ್ಕಿಗೆ ಒಂದು. ಬಲಗಡೆಯಲ್ಲಿ ವಸೂಲಿ, ವಾಪಸ್ ಮಾಲು, ರಿಯಾಯಿತಿ, ಮುಳುಗಿದ ಬಾಕಿ ಅಂತ ಬೇರೆ ಬೇರೆ. ಎಲ್ಲೂ ಸೇರದ್ದಕ್ಕೆ ಎಡಕ್ಕೊಂದು, ಬಲಕ್ಕೊಂದು "ಬೇರೆ" ಕಾಲಂ ಇಟ್ಟೆ. ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ: ಪುಟದಲ್ಲಿ ಏನು ಎಲ್ಲಿ ಬರೆದಿದೆಯೋ ಅದನ್ನು ಹಾಗೇ ತೆಗೆದುಕೊಳ್ಳಬೇಕು. ತಪ್ಪು ಕಂಡರೂ ದಾರಿಯಲ್ಲಿ ತಿದ್ದಬಾರದು. ನಡುವೆ ತಿದ್ದಿದರೆ ಯಾವುದು ಹಳೆಯದು, ಯಾವುದು ಹೊಸದು ಗೊತ್ತಾಗದೆ ಎರಡು ವ್ಯತ್ಯಾಸ ಆಗುತ್ತವೆ. ಮಧ್ಯಾಹ್ನ ಊಟದ ಹೊತ್ತಿಗೆ 64 ಪುಟ ಮುಗಿದವು.

ಎರಡು ಕಡೆಯ ಮೊತ್ತ ಅಕ್ಕಪಕ್ಕ ಇಟ್ಟಾಗ ಹೀಗೆ ಬಂತು.

| | ಉದ್ರಿ ಒಟ್ಟು ಖಾತೆ | 64 ಪುಟಗಳ ಮೊತ್ತ |
|---|---|---|
| ಮೇ 31ರ ಬಾಕಿ | 17,32,400 | 17,32,400 |
| ಉದ್ರಿ ಮಾರಾಟ | 9,48,600 | 9,21,600 |
| ಮರಳಿ ಬಂದ ಚೆಕ್ | 22,000 | ಇಲ್ಲ |
| ಎಡಗಡೆ ಬೇರೆ | ಇಲ್ಲ | 6,540 |
| ವಸೂಲಿ (ಕಳೆ) | 7,61,200 | 7,61,200 |
| ವಾಪಸ್ ಮಾಲು (ಕಳೆ) | 58,450 | 51,910 |
| ರಿಯಾಯಿತಿ (ಕಳೆ) | 12,000 | 12,000 |
| ಮುಳುಗಿದ ಬಾಕಿ (ಕಳೆ) | 25,000 | 25,000 |
| ಬಲಗಡೆ ಬೇರೆ (ಕಳೆ) | ಇಲ್ಲ | 18,000 |
| ಜೂನ್ 30ರ ಬಾಕಿ | 18,46,350 | 17,92,430 |

ಮೊದಲ ಸಾಲು ನೋಡಿಯೇ ಅರ್ಧ ಭಾರ ಇಳಿಯಿತು. ಮೇ 31ರ ಬಾಕಿ ಎರಡೂ ಕಡೆ ಒಂದೇ. ಅಂದರೆ ಏನೇ ತಪ್ಪಾಗಿದ್ದರೂ ಜೂನ್ ತಿಂಗಳಲ್ಲೇ ಆಗಿದೆ, ಹಿಂದಕ್ಕೆ ಹೋಗಬೇಕಾಗಿಲ್ಲ. ಆ ಸಾಲೂ ಕೂಡದೆ ಇದ್ದಿದ್ದರೆ ಏಪ್ರಿಲ್, ಅದಕ್ಕೂ ಮುಂಚೆ ಹೋಗಿ ಕೊನೆಯ ಸಲ ತಾಳೆಯಾದ ತಿಂಗಳು ಹುಡುಕಬೇಕಾಗುತ್ತಿತ್ತು. ತಿಂಗಳು ತಿಂಗಳು ತಾಳೆ ನೋಡುವುದರ ಲಾಭ ಇದೇ.

ಆದರೆ ಕೊನೆಯ ಸಾಲು ನೋಡಿ ಗಾಬರಿಯಾಯಿತು. ನನ್ನ ಪಟ್ಟಿಯಲ್ಲಿ ಇದ್ದದ್ದು 18,22,430. ಅದೇ ಪುಟಗಳಿಂದ ಈಗ 17,92,430 ಬಂದಿದೆ. ಸರಿಯಾಗಿ 30,000 ಕಡಿಮೆ. ಪುಟಗಳು ಬದಲಾಗಿಲ್ಲ. ಹಾಗಾದರೆ ತಪ್ಪು ಪುಟದಲ್ಲಿಲ್ಲ, ಪುಟದಿಂದ ನಾನು ಪಟ್ಟಿ ಮಾಡಿದ್ದರಲ್ಲಿದೆ. ಇಲ್ಲಿ ಅರ್ಧ ಮಾಡುವ ಉಪಾಯ ತಟ್ಟನೆ ಕೆಲಸ ಮಾಡಿತು. 15,000 ಬಾಕಿ ಇರುವ ಅಂಗಡಿ ಯಾವುದು? ಮಾನ್ವಿಯದು. ಅವರು ಹತ್ತಿ ಬೀಜಕ್ಕೆ ಮೊದಲೇ ದುಡ್ಡು ಕಟ್ಟಿದ್ದರು, ಪೂರ್ತಿ ಮಾಲು ಇನ್ನೂ ಹೋಗಿರಲಿಲ್ಲ. ಅವರು ನಮಗೆ ಕೊಡಬೇಕಿರಲಿಲ್ಲ, ನಾವೇ ಅವರಿಗೆ 15,000ದ ಮಾಲು ಕೊಡಬೇಕಿತ್ತು. ಕಾಕಾ ಅಂಥ ಬಾಕಿಯ ಪಕ್ಕದಲ್ಲಿ ಸಣ್ಣದಾಗಿ "ಜಮೆ" ಅಂತ ಬರೆಯುತ್ತಾರೆ. ನಾನು ಅಂಕಿ ಮಾತ್ರ ಎತ್ತಿಕೊಂಡೆ. ಕಳೆಯಬೇಕಾದ್ದನ್ನು ಕೂಡಿಸಿದ್ದರಿಂದ 30,000 ಏರಿತು. ತಪ್ಪು ನನ್ನದೇ. ಕಾಕಾಗೆ ಹಾಗೇ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮುಂದಿನ ಸಾಲು ತೋರಿಸಿದರು.

ಉದ್ರಿ ಮಾರಾಟದಲ್ಲಿ 27,000 ವ್ಯತ್ಯಾಸ. ಇದು 9ರಿಂದ ಭಾಗವಾಗುತ್ತದೆ, 3,000 ಬರುತ್ತದೆ. ನಿನ್ನೆ ರಾತ್ರಿ ಕೈಕೊಟ್ಟ ಉಪಾಯ ಒಂಟಿ ಸಾಲಿನ ಮೇಲೆ ಈಗ ನಡೆಯಿತು. ಮಾರಾಟ ಪುಸ್ತಕದ ಪುಟಗಳ ಕೆಳಗಿನ ಮೊತ್ತ ಮತ್ತು ಮುಂದಿನ ಪುಟದ ಮೇಲಿನ ಮೊತ್ತ ಎರಡನ್ನೇ ನೋಡುತ್ತಾ ಹೋದೆ. ಎರಡನೇ ಪುಟದ ಕೆಳಗೆ 1,36,450. ಮೂರನೇ ಪುಟದ ಮೇಲೆ 1,63,450. ಹುಡುಗ ಮೊತ್ತ ಮುಂದಕ್ಕೆ ಒಯ್ಯುವಾಗ 3 ಮತ್ತು 6 ಜಾಗ ಬದಲಾಗಿವೆ. ಒಂದೊಂದು ಬಿಲ್ಲೂ ಸರಿಯಾಗಿದೆ, ಕಾಕಾ ಬಿಲ್ಲು ನೋಡಿ ಪುಟಕ್ಕೆ ಬರೆದದ್ದೂ ಸರಿ. ತಪ್ಪಿದ್ದು ಒಟ್ಟು ಮಾತ್ರ. ಹಾಗಾಗಿ ತಪ್ಪು ಉದ್ರಿ ಒಟ್ಟು ಖಾತೆಗೆ ಮಾತ್ರ ತಟ್ಟಿತು, ಯಾವ ಗಿರಾಕಿಯ ಬಾಕಿಗೂ ತಟ್ಟಲಿಲ್ಲ. ಆದರೆ ಅದೇ ಒಟ್ಟು ಮಾರಾಟ ಖಾತೆಗೂ ಹೋಗಿದೆ. ಅಂದರೆ ಜೂನ್ ತಿಂಗಳ ಮಾರಾಟವನ್ನು, ಲಾಭವನ್ನು 27,000 ಜಾಸ್ತಿ ತೋರಿಸಿದ್ದೆವು. ಸಸ್ಪೆನ್ಸ್‌ಗೆ ತಳ್ಳಿದ್ದರೆ ಇದು ಹಾಗೇ ಉಳಿಯುತ್ತಿತ್ತು.

ಮರಳಿ ಬಂದ ಚೆಕ್ ನನ್ನ ಕಡೆ ಇದೆ, ಕಾಕಾನ ಕಡೆ ಇಲ್ಲ. ಮಸ್ಕಿಯ ಅಂಗಡಿಯವರು ಕೊಟ್ಟ 22,000ದ ಚೆಕ್. ಬಂದ ದಿನ ಕಾಕಾ ಅವರ ಪುಟದ ಬಲಗಡೆ ಬರೆದು ಬಾಕಿ ಇಳಿಸಿದ್ದರು, ಅದು ಸರಿಯೇ. ಆಮೇಲೆ ಚೆಕ್ ಬೌನ್ಸ್ ಆಯಿತು. ಬ್ಯಾಂಕಿನ ಚೀಟಿ ನನ್ನ ಮೇಜಿಗೆ ಬಂತು, ನಾನು ಟ್ಯಾಲಿಯಲ್ಲಿ ಹಾಕಿ ಫೈಲಿಗೆ ಸೇರಿಸಿದೆ. ಕಾಕಾಗೆ ಹೇಳಲೇ ಇಲ್ಲ. ಅವರ ಪುಟದಲ್ಲಿ ದುಡ್ಡು ಬಂದ ಹಾಗೇ ಇದೆ. ಅದನ್ನೇ ನೋಡಿ ಸಾವ್ಕಾರ್ರು ಅದಾದ ಮೂರನೇ ದಿನ ಮಸ್ಕಿಗೆ ಮತ್ತೆ ತೊಗರಿ ಬೀಜ ಉದ್ರಿ ಕಳಿಸಿದ್ದರು. ಇದನ್ನು ಕೇಳಿದ ಮೇಲೆ, ಏನವ್ವ ಇಪ್ಪತ್ನಾಕು ಸಾವಿರ ಅಂದಿದ್ದ ಸಾವ್ಕಾರ್ರು ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕೂತರು.

ಬಲಗಡೆಯ ಬೇರೆ ಕಾಲಂನ 18,000 ಇದಕ್ಕೆ ತಿರುವುಮುರುವು. ಜೂನ್ ಎರಡನೇ ವಾರ ನಮ್ಮಲ್ಲಿ ತೊಗರಿ ಬೀಜ ಖಾಲಿಯಾಗಿ ಲಿಂಗಸುಗೂರಿನ ಅಂಗಡಿಯಿಂದಲೇ 18,000ದ ಮಾಲು ತರಿಸಿದ್ದೆವು. ಅವರು ನಮ್ಮ ಗಿರಾಕಿ. ಆ ಒಂದು ಸಲ ನಮಗೆ ಮಾಲು ಕೊಟ್ಟವರೂ ಆದರು. "ನಿಮ್ಮ ಬಾಕಿಯಾಗ ಮುರ್ಕೋರಿ" ಅಂತ ಅವರು ಫೋನಿನಲ್ಲಿ ಹೇಳಿದ್ದರಂತೆ, ಕಾಕಾ ಪುಟದಲ್ಲಿ ಮುರಿದುಕೊಂಡರು. ನನಗೆ ಬಂದದ್ದು ಅವರ ಬಿಲ್ಲು ಮಾತ್ರ. ನಾನು ಅವರಿಗೆ 18,000 ಕೊಡಬೇಕು ಅಂತ ಟ್ಯಾಲಿಯಲ್ಲಿ ಬರೆದು ಇಟ್ಟಿದ್ದೆ. ಮುಂದಿನ ವಾರ ಚೆಕ್ ಬರೆಯುವವಳಿದ್ದೆ. ಹೀಗೆ ಒಂದೇ ಅಂಗಡಿ ಎರಡೂ ಕಡೆ ಇರುವಾಗ ಮುರಿದುಕೊಂಡದ್ದು ಮೂರು ಕಡೆ ದಾಖಲಾಗಬೇಕು: ಗಿರಾಕಿಯ ಪುಟದಲ್ಲಿ, ಉದ್ರಿ ಒಟ್ಟು ಖಾತೆಯಲ್ಲಿ, ನಾವು ಕೊಡಬೇಕಾದವರ ಖಾತೆಯಲ್ಲಿ. ಇಲ್ಲಿ ದುಡ್ಡು ಓಡಾಡುವುದಿಲ್ಲ, ಹಾಗಾಗಿ ಯಾವ ರಸೀದಿಯೂ ಹುಟ್ಟುವುದಿಲ್ಲ. ಇಂಥದ್ದು ಬಿಟ್ಟುಹೋಗುವುದು ಅದಕ್ಕೇ.

ಉಳಿದದ್ದು ವಾಪಸ್ ಮಾಲು. ನನ್ನ ಕಡೆಗಿಂತ ಪುಟಗಳಲ್ಲಿ 6,540 ಕಡಿಮೆ. ಎಡಗಡೆಯ ಬೇರೆ ಕಾಲಂನಲ್ಲಿ ಅದೇ 6,540 ಕೂತಿದೆ. ಹೇಳಬೇಕಾಗಿಯೇ ಇರಲಿಲ್ಲ. ಸಿರವಾರದ ಅಂಗಡಿಯವರು ಬೇರೆ ತಳಿಯ ಪ್ಯಾಕೆಟ್ ಬಂದಿದೆ ಅಂತ ವಾಪಸ್ ಕಳಿಸಿದ್ದು, ಬಲಕ್ಕೆ ಬರೆಯುವ ಬದಲು ಎಡಕ್ಕೆ ಬಿದ್ದಿದೆ. ಕಾಕಾ ಬಹಳ ಹೊತ್ತು ಆ ಪುಟವನ್ನೇ ನೋಡಿದರು. "ಆವತ್ತು ಜಾಸ್ತಿ ಗದ್ದಲ ಇತ್ತು ತಂಗಿ" ಅಂದರು. ಜೂನ್ ತಿಂಗಳಲ್ಲಿ ನಮ್ಮ ಅಂಗಡಿಯ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ, ಅದು ನಿಜ. ಇಲ್ಲಿ ತಿದ್ದಬೇಕಾದದ್ದು 6,540 ಅಲ್ಲ, 13,080. ತಪ್ಪಾಗಿ ಏರಿಸಿದ್ದನ್ನು ಇಳಿಸಲು ಒಂದು ಸಲ, ನಿಜವಾಗಿ ಇಳಿಸಬೇಕಾದದ್ದಕ್ಕೆ ಇನ್ನೊಂದು ಸಲ.

ತಿದ್ದುವಾಗ ಯಾವುದನ್ನು ಎಲ್ಲಿ ತಿದ್ದಬೇಕು ಅನ್ನುವುದೇ ಮುಖ್ಯ. ಟ್ಯಾಲಿಯಲ್ಲಿ ಬೇಕಾದದ್ದು ಎರಡೇ ಜರ್ನಲ್. ಮಾರಾಟ ಖಾತೆಗೆ 27,000 ಡೆಬಿಟ್, ಉದ್ರಿ ಒಟ್ಟಿಗೆ ಕ್ರೆಡಿಟ್. ಲಿಂಗಸುಗೂರಿನವರಿಗೆ ಕೊಡಬೇಕಾದ ಖಾತೆಗೆ 18,000 ಡೆಬಿಟ್, ಉದ್ರಿ ಒಟ್ಟಿಗೆ ಕ್ರೆಡಿಟ್. 18,46,350ರಲ್ಲಿ 45,000 ಕಳೆದರೆ 18,01,350. ಉಳಿದ ಮೂರಕ್ಕೆ ಜರ್ನಲ್ ಬೇಡ, ಬರೆದರೆ ಅದೇ ಹೊಸ ತಪ್ಪು. ಯಾಕೆಂದರೆ ಟ್ಯಾಲಿಯಲ್ಲಿ ಅವು ಮೊದಲೇ ಸರಿಯಾಗಿವೆ. ಮಸ್ಕಿ ಪುಟದ ಎಡಗಡೆ 22,000, ಸಿರವಾರದ ಪುಟದ ಬಲಗಡೆ 13,080 ಕಾಕಾ ತಮ್ಮ ಕೈಯಾರೆ ಬರೆದು ಪಕ್ಕದಲ್ಲಿ ಕಾರಣ ಹಾಕಿದರು. ಮಾನ್ವಿಯದು ನನ್ನ ಪಟ್ಟಿಯಲ್ಲಿ ಮಾತ್ರ ತಿದ್ದಿದೆ. 18,22,430ರಲ್ಲಿ 30,000 ಕಳೆದು, 22,000 ಕೂಡಿಸಿ, 13,080 ಕಳೆದೆ. 18,01,350.

ಎರಡೂ ಒಂದೇ ಆದಾಗ ರಾತ್ರಿ ಏಳೂವರೆ. ಆಮೇಲೆ ಒಂದು ಲೆಕ್ಕ ಹಾಕಿ ನೋಡಿದೆ. ಐದು ತಪ್ಪುಗಳ ತೂಕ ಬೇರೆ ಬೇರೆಯಾಗಿ ಕೂಡಿಸಿದರೆ 1,10,080 ರೂಪಾಯಿ. ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಎಳೆದು ಕೊನೆಗೆ 23,920 ಮಾತ್ರ ಹೊರಗೆ ಕಂಡಿತ್ತು. ಅವು ಇನ್ನೂ ಸ್ವಲ್ಪ ಬೇರೆ ಥರ ಬಿದ್ದಿದ್ದರೆ ವ್ಯತ್ಯಾಸ ಸೊನ್ನೆಯೇ ಆಗಿ, ಎಲ್ಲ ಸರಿ ಇದೆ ಅಂತ ನಾವು ಪಟ್ಟಿ ಕಳಿಸಿಬಿಡುತ್ತಿದ್ದೆವು. ಅದಕ್ಕೇ ಈಗ ಕೊನೆಯ ಮೊತ್ತ ಕೂಡಿದರೂ ಸಾಲು ಸಾಲಾಗಿ ಒಮ್ಮೆ ನೋಡುತ್ತೇನೆ.

ಬ್ಯಾಂಕಿನ ಪಟ್ಟಿಯಲ್ಲಿ 18,01,350 ಬರೆಯಲಿಲ್ಲ. ನಮಗೆ ಬರಬೇಕಾದದ್ದು 18,16,350. ಮಾನ್ವಿಯವರ 15,000 ನಾವು ತೀರಿಸಬೇಕಾದ ಮುಂಗಡ, ಅದನ್ನು ಬೇರೆಯಾಗಿ ತೋರಿಸಿದೆ. ಬೇರೆಯವರ ಬಾಕಿಯಲ್ಲಿ ಅದನ್ನು ಕಳೆದು ಒಂದೇ ಮೊತ್ತ ಮಾಡಿದರೆ ಎರಡೂ ಮುಚ್ಚಿಹೋಗುತ್ತವೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ವಾರ ಎಲ್ಲ 64 ಅಂಗಡಿಗಳಿಗೂ ಜೂನ್ 30ರ ಬಾಕಿ ವಾಟ್ಸ್ಆಪ್‌ನಲ್ಲಿ ಕಳಿಸಿ, ಸರಿ ಇದೆಯಾ ತಿಳಿಸ್ರಿ ಅಂತ ಕೇಳಿದೆ. ಮಧ್ಯಾಹ್ನ ಸಿಂಧನೂರಿನಿಂದ ಫೋನ್ ಬಂತು. "ನಾ 12,500 ಕೊಟ್ಟು ಒಂದು ತಿಂಗಳಾತು, ರಸೀದಿ ನನ್ನ ಕೈಯಾಗೈತಿ. ನಿಮ್ಮ ಲೆಕ್ಕದಾಗ ಯಾಕಿಲ್ರಿ?" ರಸೀದಿ ಪುಸ್ತಕ ತೆಗೆದೆ. ದುಡ್ಡು ಬಂದಿದೆ. ಕಾಕಾನ ಪುಸ್ತಕದಲ್ಲೂ ಇದೆ, ಆದರೆ ಸಿಂಧನೂರಿನ ಇನ್ನೊಂದು ಅಂಗಡಿಯ ಪುಟದಲ್ಲಿ. ಎರಡು ಅಂಗಡಿಗಳ ಹೆಸರೂ ಹೆಚ್ಚುಕಡಿಮೆ ಒಂದೇ ಥರ.

ವಸೂಲಿಯ ಸಾಲು ಎರಡೂ ಕಡೆ 7,61,200 ಅಂತ ಕೂಡಿತ್ತಲ್ಲ, ಅದರೊಳಗೇ ಇದು ಕೂತಿತ್ತು. ಒಬ್ಬರ ಬಾಕಿ 12,500 ಜಾಸ್ತಿ, ಇನ್ನೊಬ್ಬರದು ಅಷ್ಟೇ ಕಡಿಮೆ. ಒಟ್ಟಿಗೆ ಏನೂ ಆಗುವುದಿಲ್ಲ. ಇಂಥ ತಪ್ಪನ್ನು ಉದ್ರಿ ಒಟ್ಟು ಖಾತೆ ಎಂದಿಗೂ ತೋರಿಸುವುದಿಲ್ಲ. ಒಂದು ಬಿಲ್ಲು ಮಾರಾಟ ಪುಸ್ತಕಕ್ಕೂ ಬರದೆ, ಗಿರಾಕಿಯ ಪುಟಕ್ಕೂ ಬರದೆ ಹೋದರೆ ಅದನ್ನೂ ತೋರಿಸುವುದಿಲ್ಲ. ಅದಕ್ಕೆ ಬಿಲ್ ನಂಬರ್ ಸಾಲಾಗಿ ಇದೆಯಾ ಅಂತ ಬೇರೆಯಾಗಿಯೇ ನೋಡಬೇಕು. ತಪ್ಪು ಪುಟಕ್ಕೆ ಹೋದದ್ದನ್ನು ಗಿರಾಕಿಯೇ ಹೇಳಬೇಕು. ಅದರಲ್ಲೂ ಬಾಕಿ ಜಾಸ್ತಿ ತೋರಿಸಿದವರು ಫೋನ್ ಮಾಡುತ್ತಾರೆ, ಕಡಿಮೆ ತೋರಿಸಿದವರು ಸುಮ್ನೆ ಇರುತ್ತಾರೆ. ಆ ಇನ್ನೊಂದು ಅಂಗಡಿಯಿಂದ ಉತ್ತರ ಬಂದಿರಲಿಲ್ಲ.

ಕಾಕಾ ಒಂದು ಪುಟದ ಎಡಗಡೆ 12,500, ಇನ್ನೊಂದರ ಬಲಗಡೆ 12,500 ಬರೆದರು. ನಾನು ಎರಡೂ ಅಂಗಡಿಗೆ ಫೋನ್ ಮಾಡಿ ಹೊಸ ಬಾಕಿ ಹೇಳಿದೆ. ಪಟ್ಟಿ ಮತ್ತೆ ಕೂಡಿಸಿದೆ. 18,01,350.